ಮ್ಯೂನಿಕ್‌ನಲ್ಲಿ ಹುಟ್ಟಿದ ಮಗು ಯಾವ ದೇಶದ್ದು?

"ಕಲಬುರಗಿಯ ನಮ್ಮ ಅಣ್ಣ, ಅತ್ತಿಗೆ ಆರು ವರ್ಷದಿಂದ ಮ್ಯೂನಿಕ್‌ನಲ್ಲಿದ್ದಾರೆ. ಹೋದ ತಿಂಗಳು ಮಗಳು ಹುಟ್ಟಿದಳು. ಅವಳು ಜರ್ಮನ್ ಪ್ರಜೆಯೇ? ಜರ್ಮನಿ ರಕ್ತಸಂಬಂಧವನ್ನಷ್ಟೇ ನೋಡುತ್ತದೆ ಎನ್ನುತ್ತಾರಲ್ಲ?"

ಅಣ್ಣ, ಅತ್ತಿಗೆಯರಲ್ಲಿ ಒಬ್ಬರಿಗಾದರೂ ಮಗು ಹುಟ್ಟಿದ ದಿನ ಕಾಯಂ ವಾಸದ ಪರವಾನಗಿ ಇತ್ತೇ? ಇದ್ದರೆ, ಮತ್ತು ಅವರು ಕಾನೂನುಬದ್ಧವಾಗಿ ಐದು ವರ್ಷ ಅಲ್ಲಿ ನೆಲೆಸಿದ್ದರೆ, ಮಗು ಹುಟ್ಟಿನಿಂದಲೇ ಜರ್ಮನ್ ಪ್ರಜೆ. ಅವಧಿಯ ವೀಸಾ ಮಾತ್ರ ಇದ್ದಿದ್ದರೆ ಅಲ್ಲ.

ರಕ್ತಸಂಬಂಧವನ್ನಷ್ಟೇ ನೋಡುತ್ತದೆ ಎಂಬುದು ಜರ್ಮನಿಯ 1913ರ ಕಾಯ್ದೆಯ ಮಾತು. ಅದು ಜನಾಂಗೀಯ ರಾಷ್ಟ್ರೀಯತೆಯ ಕೂಸು: ಪೌರತ್ವ ವಂಶದಿಂದ ಬರಬೇಕು, ಹುಟ್ಟಿದ ನೆಲಕ್ಕೆ ಬೆಲೆಯಿಲ್ಲ. 1961ರ ಒಪ್ಪಂದದಂತೆ ದುಡಿಯಲು ಹೋದ ಟರ್ಕಿಯವರ ಮಕ್ಕಳು ಅಲ್ಲಿಯೇ ಹುಟ್ಟಿ, ಅಲ್ಲಿಯ ಶಾಲೆಯಲ್ಲೇ ಓದಿದರೂ ವಿದೇಶಿಯರಾಗಿ ಉಳಿದರು. ಕಜಕಸ್ತಾನದಿಂದ ಬಂದ ಜರ್ಮನ್ ಮೂಲದವರಿಗೆ, ಭಾಷೆ ಸರಿಯಾಗಿ ಬಾರದಿದ್ದರೂ, ಪೌರತ್ವ ಸಿಕ್ಕಿತು. ಆ ಮಕ್ಕಳಿಗಾದದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

2000ದಲ್ಲಿ ಕಾನೂನು, ವಂಶಕ್ಕಿಂತ ಆ ನೆಲದಲ್ಲಿ ಕೂಡಿ ಬಾಳುವುದೇ ಮುಖ್ಯವೆನ್ನುವ ನಾಗರಿಕ ರಾಷ್ಟ್ರೀಯತೆಯ ಕಡೆಗೆ ವಾಲಿತು. ಹೆತ್ತವರಲ್ಲಿ ಒಬ್ಬರು ಎಂಟು ವರ್ಷ ನೆಲೆಸಿ, ಕಾಯಂ ವಾಸದ ಹಕ್ಕು ಪಡೆದಿದ್ದರೆ ಅಲ್ಲಿ ಹುಟ್ಟಿದ ಮಗುವಿಗೂ ಹಕ್ಕು ಬಂದಿತು. 2024ರ ಜೂನ್‌ನಲ್ಲಿ ಆ ಎಂಟು ಐದಾಯಿತು, ಎರಡು ದೇಶಗಳ ಪೌರತ್ವಕ್ಕೂ ಒಪ್ಪಿಗೆ ದೊರೆಯಿತು. ವಂಶದ ದಾರಿ ಮಾತ್ರ ಮುಚ್ಚಿಲ್ಲ.

ಆದರೆ ಎರಡು ದೇಶಗಳ ಪೌರತ್ವವನ್ನು ಭಾರತ ಒಪ್ಪುವುದಿಲ್ಲ. ಮಗಳಿಗೆ ಭಾರತದ ಪೌರತ್ವ ಬೇಕಿದ್ದರೆ ಒಂದು ವರ್ಷದೊಳಗೆ ನಮ್ಮ ದೂತಾವಾಸದಲ್ಲಿ ಜನನ ನೋಂದಾಯಿಸಿ, ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಬರೆದುಕೊಡಬೇಕು. ಆದ್ದರಿಂದ ಜರ್ಮನ್ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ಇದನ್ನು ತೀರ್ಮಾನಿಸಲು ಅಣ್ಣನಿಗೆ ಇಂದೇ ಹೇಳಿ.