ತಿಂಗಳಿಗೆ 7,000 ರೂಪಾಯಿಯ ಕೊರತೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಹುದಾದ ವಿವರಗಳನ್ನು ಬದಲಾಯಿಸಿದ್ದೇನೆ, ಮೊತ್ತಗಳನ್ನು ದುಂಡು ಅಂಕಿಗೆ ತಂದಿದ್ದೇನೆ.)

ಕಲಬುರಗಿಯವರೇ ಆದ ಈ ದಂಪತಿ ಹೈದರಾಬಾದಿನಲ್ಲಿ ನೆಲೆಸಿ 13 ವರ್ಷಗಳಾಗಿದ್ದವು. ಪತಿಗೆ 36 ವರ್ಷ, ಸಾಫ್ಟ್‌ವೇರ್ ಉದ್ಯೋಗ, ಪತ್ನಿ ಬಿ.ಇಡಿ. ಮುಗಿಸಿ ಮನೆಯಲ್ಲಿದ್ದರು, ಮಗಳಿಗೆ 7 ವರ್ಷ. ಅಮೆರಿಕದ ಗ್ರಾಹಕರಿಗಾಗಿ ಮಧ್ಯರಾತ್ರಿಯವರೆಗೆ ಕರೆಗಳಲ್ಲಿ ಕೂರುವುದು ಪತಿಗೆ ಸಾಕಾಗಿತ್ತು. ಊರಿನ ಒಂದು ಖಾಸಗಿ ಕಾಲೇಜು ಅವರಿಗೆ ತಿಂಗಳಿಗೆ 38,000 ರೂಪಾಯಿ ಸಂಬಳದ ಬೋಧಕ ಹುದ್ದೆ ಕೊಡಲು ಒಪ್ಪಿತ್ತು. ಇರಲು ತಂದೆಯ ಮನೆಯಿದ್ದುದರಿಂದ ಬಾಡಿಗೆಯ ಚಿಂತೆ ಇರಲಿಲ್ಲ. ರಾಜೀನಾಮೆ ಪತ್ರವನ್ನು ಬರೆದಿಟ್ಟುಕೊಂಡೇ ಅವರು ಹಣಕಾಸಿನ ಸಲಹೆಗೆ ನನ್ನ ಬಳಿಗೆ ಬಂದಿದ್ದರು.

ಅವರ ಯೋಜನೆಗೆ ‘ಕೋಸ್ಟ್ ಎಫ್‌ಐ’ ಎಂಬ ಹೆಸರಿದೆ. ಗಂಡ ಕರಾವಳಿಯ ಕಡೆ ಮನೆ ಮಾಡುವ ಯೋಚನೆಯಲ್ಲಿದ್ದಾರೆಂದು ಪತ್ನಿ ಮೊದಲು ತಿಳಿದಿದ್ದರಂತೆ. ಎಫ್‌ಐ ಎಂದರೆ ಆರ್ಥಿಕ ಸ್ವಾತಂತ್ರ್ಯ; ಇಲ್ಲಿ ಕೋಸ್ಟ್ ಎಂದರೆ ಪೆಡಲ್ ತುಳಿಯುವುದನ್ನು ನಿಲ್ಲಿಸಿದ ಮೇಲೂ ಸೈಕಲ್ ಇಳಿಜಾರಿನಲ್ಲಿ ತಾನಾಗಿ ಉರುಳುವುದು. ವಯಸ್ಸಿದ್ದಾಗ ಬಿಗಿಯಾಗಿ ಉಳಿಸಿದ ಗಂಟು, ಮುಂದೆ ಒಂದು ರೂಪಾಯಿ ಸೇರಿಸದಿದ್ದರೂ, 60ನೆಯ ವಯಸ್ಸಿಗೆ ನಿವೃತ್ತಿಗೆ ಬೇಕಾದಷ್ಟು ಬೆಳೆಯುವಂತಿದ್ದರೆ, ಅಲ್ಲಿಯವರೆಗೆ ದಿನದ ಖರ್ಚಿಗಾಗುವಷ್ಟು ದುಡಿದರೆ ಸಾಕು. ಈ ‘ಖರ್ಚಿಗಾಗುವಷ್ಟು’ ಎಂಬ ಮಾತನ್ನೇ ಬಹಳ ಜನ ಹಗುರವಾಗಿ ಓದುತ್ತಾರೆ.

ಪತಿಯ ಲೆಕ್ಕ ಅಚ್ಚುಕಟ್ಟಾಗಿತ್ತು. ಮ್ಯೂಚುವಲ್ ಫಂಡ್ 36 ಲಕ್ಷ, ಭವಿಷ್ಯ ನಿಧಿ 17 ಲಕ್ಷ, ಪಿಪಿಎಫ್ 9 ಲಕ್ಷ, ಬ್ಯಾಂಕ್ ಠೇವಣಿ 5 ಲಕ್ಷ, ಬಂಗಾರ 7 ಲಕ್ಷ, ಒಟ್ಟು 74 ಲಕ್ಷ. ಇದಕ್ಕೆ ಶೇ. 12ರ ಬೆಳವಣಿಗೆ ಹಿಡಿದು, 24 ವರ್ಷಕ್ಕೆ 11 ಕೋಟಿ 23 ಲಕ್ಷವಾಗುತ್ತದೆ ಎಂದು ತೋರಿಸಿದರು. ಊರಿನ ಮನೆಖರ್ಚು ತಿಂಗಳಿಗೆ 36,000. ವರ್ಷದ ಖರ್ಚಿನ 25 ಪಟ್ಟು ಇದ್ದರೆ ಸಾಕೆಂಬ ಸೂತ್ರದಂತೆ ಬೇಕಾದದ್ದು 1 ಕೋಟಿ 8 ಲಕ್ಷ ಮಾತ್ರ. ಬೇಕಾದ್ದಕ್ಕಿಂತ ಹತ್ತು ಪಟ್ಟು ಹೆಚ್ಚು!

ಆಗ ಪತ್ನಿ ಕೇಳಿದ ಪ್ರಶ್ನೆ ನಾನು ಕೇಳಬೇಕೆಂದಿದ್ದ ಪ್ರಶ್ನೆಯೇ ಆಗಿತ್ತು: “ರೊಕ್ಕ ಬೆಳೀತದ ಅಂತ ಹೇಳ್ತೀರಿ, ಖರ್ಚ್ ಬೆಳಿಯಂಗಿಲ್ಲೇನ್ರಿ?”

ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ 24 ವರ್ಷದಲ್ಲಿ ಅವು ನಾಲ್ಕು ಪಟ್ಟಾಗುತ್ತವೆ. ಗಂಟನ್ನು ಆ ದಿನದ ರೂಪಾಯಿಯಲ್ಲಿಯೂ ಖರ್ಚನ್ನು ಈ ದಿನದ ರೂಪಾಯಿಯಲ್ಲಿಯೂ ಅಳೆದದ್ದೇ ಅವರ ಲೆಕ್ಕದ ತಪ್ಪು. ಎರಡನ್ನೂ ಇಂದಿನ ಬೆಲೆಯಲ್ಲಿಟ್ಟು, ಬೆಲೆ ಏರಿಕೆಯನ್ನು ಕಳೆದ ಬೆಳವಣಿಗೆಯನ್ನಷ್ಟೇ ಹಿಡಿಯುವುದು ಸುಲಭದ ದಾರಿ. ಫಂಡುಗಳಿಗೆ ಶೇ. 12 ಹಿಡಿದರೂ ಹಿಡಿಯಬಹುದು. ಭವಿಷ್ಯ ನಿಧಿ ಮತ್ತು ಪಿಪಿಎಫ್ ಅಷ್ಟು ಕೊಡುವುದಿಲ್ಲ. ಆದ್ದರಿಂದ ಎಲ್ಲವೂ ಸೇರಿ ಬೆಲೆ ಏರಿಕೆಯ ಮೇಲೆ ಶೇ. 4 ಎಂದು ಹಿಡಿದೆ. ಇದು ನನ್ನ ಅಂದಾಜೇ ಹೊರತು ಯಾರೂ ಕೊಟ್ಟ ಭರವಸೆಯಲ್ಲ. 25 ಪಟ್ಟಿನ ಸೂತ್ರಕ್ಕೆ ಮೂಲ 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರರು ಅಮೆರಿಕದ ಷೇರು ಮತ್ತು ಬಾಂಡುಗಳ ಇತಿಹಾಸವನ್ನಿಟ್ಟುಕೊಂಡು 30 ವರ್ಷದ ನಿವೃತ್ತಿಗಾಗಿ ಮಾಡಿದ ಲೆಕ್ಕ. ನಮ್ಮ ಕಡೆಯ ಬೆಲೆ ಏರಿಕೆಗೆ ನಾನು 30 ಪಟ್ಟು ಹಿಡಿಯುತ್ತೇನೆ.

ಅನಂತರ ಮನೆಖರ್ಚಿನ 36,000ವನ್ನು ಬಿಡಿಸಿ ನೋಡಿದೆವು. ಅದರಲ್ಲಿ ತಿಂಗಳು ತಿಂಗಳು ಬರುವ ಖರ್ಚುಗಳಷ್ಟೇ ಇದ್ದವು. ಸುಗ್ಗಿಯಲ್ಲಿ ವರ್ಷಕ್ಕಾಗುವಷ್ಟು ಕೊಳ್ಳುವ ಜೋಳ ಮತ್ತು ತೊಗರಿಬೇಳೆ, ಶಾಲೆಯ ಶುಲ್ಕ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ದುಪ್ಪಟ್ಟಾಗುವ ಕರೆಂಟ್ ಬಿಲ್ಲು, ಮದುವೆ ಮುಂಜಿಗಳ ಆಹೇರಿ, ಮಾವನವರ ಔಷಧಿ, ಇವನ್ನೆಲ್ಲ ಪತ್ನಿ ಮಗಳ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದೊಂದಾಗಿ ಬರೆದರು. ಕಂಪನಿಯ ಆರೋಗ್ಯ ವಿಮೆ ನಿಂತ ಮೇಲೆ ತಾವೇ ಕಟ್ಟಬೇಕಾದ ಕಂತನ್ನು ನಾನು ಸೇರಿಸಿದೆ. ವರ್ಷಕ್ಕೆ 1,08,000, ಅಂದರೆ ತಿಂಗಳಿಗೆ ಇನ್ನೂ 9,000. ನಿಜವಾದ ಖರ್ಚು 45,000 ಆಯಿತು. ವರ್ಷದ 5.4 ಲಕ್ಷದ 30 ಪಟ್ಟು, ಇಂದಿನ ಬೆಲೆಯಲ್ಲಿ 1 ಕೋಟಿ 62 ಲಕ್ಷ. ಶೇ. 4ರಂತೆ 24 ವರ್ಷದಲ್ಲಿ ಹಣ 2.56 ಪಟ್ಟಾಗುವುದರಿಂದ, ಇಂದು ಕೈಯಲ್ಲಿರಬೇಕಾದದ್ದು 63 ಲಕ್ಷ.

ಕೈಯಲ್ಲಿದ್ದ 74 ಲಕ್ಷದಲ್ಲಿ ಪತ್ನಿಯ ಒಡವೆಯನ್ನು ಯಾರೂ ಮಾರುವುದಿಲ್ಲ. ಠೇವಣಿ ಆಪತ್ತಿಗೆ ಬೇಕು. ಮಗಳ ಕಾಲೇಜಿಗೆಂದು ಫಂಡಿನಿಂದ 12 ಲಕ್ಷವನ್ನು ಬೇರೆ ಎತ್ತಿಟ್ಟೆವು. ನಿವೃತ್ತಿಗೆ ಉಳಿದದ್ದು 50 ಲಕ್ಷ.

ಈ 13 ಲಕ್ಷದ ಕೊರತೆಗಿಂತ ನನಗೆ ಹೆಚ್ಚು ಆತಂಕ ಹುಟ್ಟಿಸಿದ್ದು ಸಂಬಳಕ್ಕೂ ಖರ್ಚಿಗೂ ನಡುವೆ ಇದ್ದ ತಿಂಗಳ 7,000 ರೂಪಾಯಿಯ ಅಂತರ. “ಅಷ್ಟನ್ನ ಫಂಡಿನಿಂದ ತೆಗೆದರಾಯ್ತು ಬಿಡ್ರಿ ಸರ್” ಎಂದರು ಪತಿ. ವರ್ಷಕ್ಕೆ 84,000ದಂತೆ 24 ವರ್ಷ ತೆಗೆದರೆ, ತೆಗೆದ ಹಣದ ಜೊತೆಗೆ ಅದು ತರಬೇಕಾಗಿದ್ದ ಬೆಳವಣಿಗೆಯೂ ಹೋಗಿ, 60ನೆಯ ವಯಸ್ಸಿಗೆ ಗಂಟಿನಲ್ಲಿ ಇಂದಿನ ಬೆಲೆಯ ಸುಮಾರು 33 ಲಕ್ಷ ಕಡಿಮೆ ಬೀಳುತ್ತದೆ. ಅದು ಗುರಿಯ ಐದರಲ್ಲಿ ಒಂದು ಭಾಗ. ಈ ಅಂಕಿಯನ್ನು ಅವರು ತಮ್ಮ ಫೋನಿನಲ್ಲಿ ಮತ್ತೊಮ್ಮೆ ಲೆಕ್ಕ ಹಾಕಿ ನೋಡಿದರು, ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ರಾಜೀನಾಮೆಯನ್ನು ಎರಡು ವರ್ಷ ತಡೆಯಿರಿ ಎಂದು ನಾನು ಸಲಹೆ ಕೊಟ್ಟೆ. ಅವರು ಆಗಲೂ ತಿಂಗಳಿಗೆ 60,000 ಉಳಿಸುತ್ತಿದ್ದರು. ಅದೇ ಗತಿಯಲ್ಲಿ ಉಳಿಸಿದರೆ 50 ಲಕ್ಷವು 38ನೆಯ ವಯಸ್ಸಿಗೆ 68.8 ಲಕ್ಷವಾಗುತ್ತದೆ, ಆ ವಯಸ್ಸಿಗೆ ಬೇಕಾದದ್ದು 68.4 ಲಕ್ಷ. ಅಂತರ ಕೂದಲೆಳೆಯಷ್ಟು ಎಂಬುದನ್ನೂ, ಬೆಳವಣಿಗೆ ಶೇ. 3 ಆದರೆ ಈ ಲೆಕ್ಕ ಸಾಲದೆಂಬುದನ್ನೂ ಮುಚ್ಚಿಡಲಿಲ್ಲ. ಎರಡು ವರ್ಷಕ್ಕೆ ಇನ್ನೊಂದು ಕಾರಣವೂ ಇತ್ತು. ಪತಿಗೆ ರಕ್ತದೊತ್ತಡವಿದೆ; ಮೊದಲೇ ಇರುವ ಕಾಯಿಲೆಗೆ ಹೊಸ ವಿಮೆಯಲ್ಲಿ ಮೂರು ವರ್ಷದವರೆಗೂ ಕಾಯುವ ಅವಧಿ ಇರಬಹುದು. ಕುಟುಂಬದ ವಿಮೆಯನ್ನು ಈಗಲೇ ಕೊಂಡರೆ ಆ ಅವಧಿಯ ಹೆಚ್ಚಿನ ಭಾಗ ಕಂಪನಿಯ ವಿಮೆಯ ನೆರಳಿನಲ್ಲೇ ಕಳೆಯುತ್ತದೆ. ರಾತ್ರಿ ಕರೆಗಳಿಲ್ಲದ ತಂಡಕ್ಕೆ, ಬಡ್ತಿ ತಪ್ಪಿದರೂ ಸರಿ, ವರ್ಗ ಕೇಳಿಕೊಳ್ಳಲು ಹೇಳಿದೆ. ದಣಿವು ನಿಜವಾದದ್ದು, ಅದನ್ನು ಲೆಕ್ಕದಿಂದ ಅಲ್ಲಗಳೆಯಲಾಗದು.

7,000ದ ಅಂತರಕ್ಕೆ ದಾರಿ ತೋರಿಸಿದವರು ಪತ್ನಿ. ಊರಿಗೆ ಬಂದರೆ ಶಾಲೆಯೊಂದರಲ್ಲಿ ಪಾಠ ಮಾಡುವೆನೆಂದೂ, ತಿಂಗಳಿಗೆ 12,000 ಸಿಗಬಹುದೆಂದೂ ಹೇಳಿದರು. ಅತ್ತ ಕಾಲೇಜಿನವರು ಹೇಳಿದ 38,000 ಕೈಗೆ ಬರುವ ಮೊತ್ತವೇ, ಬೇಸಿಗೆ ರಜೆಯ ತಿಂಗಳುಗಳಲ್ಲೂ ಕೊಡುತ್ತಾರೆಯೇ ಎಂಬುದನ್ನು ನೇಮಕದ ಪತ್ರದಲ್ಲಿ ಬರೆಸಿಕೊಳ್ಳಲು ಪತಿಗೆ ತಿಳಿಸಿದೆ. ಕೆಲಸ ಬಿಡುವಾಗ ಭವಿಷ್ಯ ನಿಧಿಯನ್ನು ತೆಗೆಯಬಾರದು. ಹೊಸ ಸಂಸ್ಥೆಯಲ್ಲಿ ಪಿಎಫ್ ಇದ್ದರೆ ಅಲ್ಲಿಗೆ ವರ್ಗಾಯಿಸಿಕೊಳ್ಳಬೇಕು, ಇಲ್ಲವಾದರೆ ಕೆಲಸ ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಬೀಳುತ್ತದೆ. ಪಿಪಿಎಫ್ ಖಾತೆ ನಿಲ್ಲದಿರಲು ವರ್ಷಕ್ಕೆ 500 ರೂಪಾಯಿ ಕಟ್ಟಿದರೂ ಸಾಕು.

ಪ್ರತಿ ಏಪ್ರಿಲ್‌ನಲ್ಲಿ ಹಿಂದಿನ ವರ್ಷದ ನಿಜವಾದ ಖರ್ಚನ್ನು 30ರಿಂದ ಗುಣಿಸಿ, 60ಕ್ಕೆ ಉಳಿದ ವರ್ಷಗಳಿಗೆ ಶೇ. 4ರಂತೆ ಹಿಂದಕ್ಕೆ ಇಳಿಸಿ, ಕೈಯಲ್ಲಿರುವ ಮೊತ್ತದೊಂದಿಗೆ ಹೋಲಿಸಬೇಕು. ಒಂದು ವರ್ಷ ಪೇಟೆ ಬಿದ್ದರೆ ಗಾಬರಿ ಬೇಡ, ಏಕೆಂದರೆ ಅವರು ಹಣ ತೆಗೆಯುತ್ತಿರುವುದಿಲ್ಲ. ಸತತ ಎರಡು ವರ್ಷ ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕೊರತೆ ಕಂಡರೆ ಪತ್ನಿಯ ಸಂಬಳದಲ್ಲಿ ಮಿಗುವ 5,000 ಮತ್ತೆ ಫಂಡಿಗೆ ಹೋಗಬೇಕು. ಅದೂ ಸಾಲದಿದ್ದರೆ ನಿವೃತ್ತಿ 62ಕ್ಕೆ ಸರಿಯಬೇಕು. ಇದನ್ನೂ ಅದೇ ನೋಟುಬುಕ್ಕಿನ ಹಾಳೆಯಲ್ಲಿ ಬರೆದುಕೊಂಡರು. ರಾಜೀನಾಮೆ ಪತ್ರವನ್ನು ಪತಿ ಹರಿಯಲಿಲ್ಲ. ತಾರೀಕನ್ನು ಹೊಡೆದುಹಾಕಿ ಜೇಬಿಗಿಟ್ಟುಕೊಂಡರು.