ಬಯೋಸ್‌ನಲ್ಲಿ ಸಿಎಸ್‌ಎಂ ಆಫ್ ಮಾಡಿದ ಮೇಲೆ ಸ್ಕ್ರೀನ್ ಕಪ್ಪು: ಜಂಪರ್‌ನಿಂದ ಸರಿಹೋಗುತ್ತಾ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ವಿಂಡೋಸ್ 11 ಹಾಕೋಣ ಅಂತ ವಿಡಿಯೋ ನೋಡಿ ಬಯೋಸ್‌ನಲ್ಲಿ ಸಿಎಸ್‌ಎಂ ಆಫ್ ಮಾಡಿ ಸೇವ್ ಕೊಟ್ಟೆ. ಆಗಿನಿಂದ ಮಾನಿಟರ್ ಕಪ್ಪು. ಫ್ಯಾನ್ ತಿರುಗುತ್ತೆ, ಡಿಲೀಟ್ ಕೀ ಒತ್ತಿದ್ರೂ ಬಯೋಸ್ ಕಾಣಲ್ಲ. ಗ್ರಾಫಿಕ್ಸ್ ಕಾರ್ಡ್ ಹಳೇದು. ಜಂಪರ್ ಹಾಕಿದ್ರೆ ಸರಿಹೋಗುತ್ತಾ? ಗ್ರಾಹಕರ ಫೈಲ್ ಹೋಗಲ್ವಾ?

ಉತ್ತರ: ಫೈಲ್‌ಗೆ ಏನೂ ಆಗಲ್ಲ ಸರ್, ಜಂಪರ್ ಡಿಸ್ಕ್ ತಂಟೆಗೇ ಹೋಗಲ್ಲ. ಬಯೋಸ್ ಪ್ರೋಗ್ರಾಮ್ ಕೂಡ ಅಳಿಸಲ್ಲ. ಅಳಿಯೋದು ನೀವು ಬದಲಾಯಿಸಿದ ಸೆಟ್ಟಿಂಗ್ ಮತ್ತು ಗಡಿಯಾರ, ಅಷ್ಟೇ. ನಾನು ಚಿತ್ರದುರ್ಗದಲ್ಲಿ ಸಿಸ್ಟಮ್ ರಿಪೇರಿ ಮಾಡ್ತೀನಿ, ಹಳೇ ಕಾರ್ಡ್ ಇರೋ ಸಿಸ್ಟಮ್‌ಗಳು ಇದೇ ಕಾಯಿಲೆಗೆ ಆಗಾಗ ಬರ್ತವೆ.

ನಿಮ್ಮ ಬೋರ್ಡ್ ಕೆಟ್ಟಿಲ್ಲ, ಕುರುಡಾಗಿದೆ. 2012ಕ್ಕಿಂತ ಹಿಂದಿನ ಬಹುತೇಕ ಕಾರ್ಡ್‌ಗಳಲ್ಲಿ ಚಿತ್ರ ಎಬ್ಬಿಸೋ ಪ್ರೋಗ್ರಾಮ್ ಹಳೇ ಬಯೋಸ್ ಪದ್ಧತಿಯದು. ಅದನ್ನ ಓಡಿಸಿಕೊಡ್ತಿದ್ದದ್ದೇ ಸಿಎಸ್‌ಎಂ. ಅದನ್ನ ಆಫ್ ಮಾಡಿದ ಮೇಲೆ ಬೋರ್ಡ್‌ಗೆ ಯುಇಎಫ್‌ಐ ಅನ್ನೋ ಹೊಸ ಪದ್ಧತಿಯ ಗ್ರಾಫಿಕ್ಸ್ ಪ್ರೋಗ್ರಾಮ್ ಬೇಕು, ಅದು ಕಾರ್ಡ್‌ನಲ್ಲಿ ಇಲ್ಲ. ಡಿಲೀಟ್ ಒತ್ತಿದಾಗ ಬಯೋಸ್ ತೆರೆದಿರಲೂಬಹುದು, ನಿಮಗೆ ಕಾಣಲ್ಲ ಅಷ್ಟೇ. ಆನ್ ಮಾಡಿ ಸ್ವಲ್ಪ ಹೊತ್ತಾದ ಮೇಲೆ ಕೀಬೋರ್ಡ್‌ನ ನಮ್‌ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರಿದರೆ ಬೋರ್ಡ್ ಎದ್ದಿದೆ, ತೊಂದರೆ ಡಿಸ್‌ಪ್ಲೇದು ಮಾತ್ರ ಅಂತ ನಂಬಬಹುದು.

ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಜಂಪರ್‌ಗಿಂತ ಮೊದಲು ಆ ಕಾರ್ಡ್ ಕಿತ್ತು, ಮಾನಿಟರ್ ಕೇಬಲ್ಲನ್ನ ಬೋರ್ಡ್‌ನ ಪೋರ್ಟ್‌ಗೆ ಹಾಕಿ. ಚಿತ್ರ ಬಂದರೆ ಬಯೋಸ್‌ಗೆ ಹೋಗಿ ಸಿಎಸ್‌ಎಂ ಆನ್ ಮಾಡಿ ಸೇವ್ ಕೊಡಿ, ಕೆಲಸ ಮುಗಿಯಿತು. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ `F` ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇರಲ್ಲ, ಆಗ ಜಂಪರೇ ಗತಿ.

ಮೊದಲು ಎಸ್‌ಎಂಪಿಎಸ್‌ನಿಂದ ಕರೆಂಟ್ ವೈರ್ ಕಿತ್ತುಬಿಡಿ. ಸಿಸ್ಟಮ್ ಆಫ್ ಮಾಡಿದ್ದು ಸಾಲಲ್ಲ, ವೈರ್‌ನಲ್ಲಿ ಕರೆಂಟ್ ಇರೋವರೆಗೂ ಬೋರ್ಡ್‌ಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಬರ್ತಿರುತ್ತೆ. ಕಿತ್ತ ಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಇಳಿಯುತ್ತೆ. ಬೋರ್ಡ್ ಮೇಲೆ ಸಣ್ಣ ದೀಪ ಇದ್ದರೆ ಅದೂ ಆರಬೇಕು.

ಈಗ ಜಂಪರ್ ಹುಡುಕಿ. ಸಾಮಾನ್ಯವಾಗಿ ದುಂಡನೆ ಸೆಲ್ ಸುತ್ತಮುತ್ತ ಅಥವಾ ಬೋರ್ಡ್ ಅಂಚಿನಲ್ಲಿರುತ್ತೆ. ಪಕ್ಕದಲ್ಲಿ `CLRTC`, `CLR_CMOS`, `CLRCMOS1`, `JBAT1` ಇಂಥದ್ದೊಂದು ಹೆಸರು ಬರೆದಿರುತ್ತೆ. ಮೂರು ಪಿನ್ ಇದ್ದರೆ, ಎರಡು ಪಿನ್ ಸೇರಿಸೋ ಸಣ್ಣ ಕ್ಯಾಪ್ ಸಾಮಾನ್ಯವಾಗಿ 1-2ರ ಮೇಲೆ ಕೂತಿರುತ್ತೆ. ಅದನ್ನ 2-3ಕ್ಕೆ ಹಾಕಿ, ಹತ್ತು ಸೆಕೆಂಡ್ ಬಿಟ್ಟು ವಾಪಸ್ 1-2ಕ್ಕೆ ತನ್ನಿ. ಎರಡೇ ಪಿನ್ ಇದ್ದರೆ ಕ್ಯಾಪ್ ಇರಲ್ಲ, ಸ್ಕ್ರೂಡ್ರೈವರ್ ತುದಿಯಿಂದ ಎರಡನ್ನೂ ಅಷ್ಟೇ ಹೊತ್ತು ಮುಟ್ಟಿಸಿ ಹಿಡಿಯಿರಿ. ಹೆಸರು ಓದದೆ ಅಂದಾಜಿನ ಮೇಲೆ ಯಾವ ಪಿನ್ನನ್ನೂ ಶಾರ್ಟ್ ಮಾಡಬೇಡಿ. ಯುಎಸ್‌ಬಿ ಪಿನ್‌ಗಳೂ ಹಾಗೇ ಕಾಣ್ತವೆ, ಅಲ್ಲಿ 5 ವೋಲ್ಟ್ ಇರುತ್ತೆ. ಕ್ಯಾಪ್ 2-3ರಲ್ಲಿ ಇರುವಾಗ ಸಿಸ್ಟಮ್ ಆನ್ ಮಾಡಲೇಬಾರದು. ಬೋರ್ಡ್‌ನ ಮ್ಯಾನ್ಯುಯಲ್ ಸಿಕ್ಕರೆ ಪಿನ್ ನಂಬರ್ ಅದರಲ್ಲೇ ಖಾತ್ರಿ ಮಾಡಿಕೊಳ್ಳಿ.

"ಸೆಲ್ ತೆಗೆದರೆ ಸಾಕು" ಅಂತ ಎಲ್ಲರೂ ಹೇಳ್ತಾರೆ. ಹಳೇ ಬೋರ್ಡ್‌ಗೆ ಅದು ನಿಜ, ಆಗ ಸೆಟ್ಟಿಂಗ್ ಉಳಿಯುತ್ತಿದ್ದದ್ದೇ ಆ ಸೆಲ್‌ನ ಕರೆಂಟ್‌ನಲ್ಲಿ. ಈಗಿನ ಬೋರ್ಡ್‌ಗಳಲ್ಲಿ ಹೆಚ್ಚಿನ ಸೆಟ್ಟಿಂಗ್ ಫ್ಲಾಶ್ ಚಿಪ್‌ನಲ್ಲಿ ಕೂತಿರುತ್ತೆ, ಅದಕ್ಕೆ ಸೆಲ್ ಬೇಕಿಲ್ಲ. ಜಂಪರ್ ಮಾಡೋದು ಗಡಿಯಾರದ ಭಾಗಕ್ಕೆ ಒಂದು ರೀಸೆಟ್ ಸುದ್ದಿ ಮುಟ್ಟಿಸೋದು. ಮುಂದಿನ ಸಲ ಆನ್ ಆದಾಗ ಬಯೋಸ್ ಆ ಗುರುತು ನೋಡಿ ತಾನೇ ಕಂಪನಿ ಸೆಟ್ಟಿಂಗ್ ತುಂಬಿಕೊಳ್ಳುತ್ತೆ. ಹಾಗಾಗಿ ಸೆಲ್ ತೆಗೆದು ಹಾಕಿಯೂ ಹಳೇ ಸೆಟ್ಟಿಂಗೇ ಉಳಿದಿದ್ದರೆ ಆಶ್ಚರ್ಯ ಬೇಡ, ಜಂಪರ್ ನೆಚ್ಚಿಕೊಳ್ಳಿ.

ವೈರ್ ಹಾಕಿ ಆನ್ ಮಾಡಿದ ಮೇಲೆ ಸ್ವಲ್ಪ ತಾಳ್ಮೆ ಇರಲಿ. ರ‍್ಯಾಮ್ ಹೊಸದಾಗಿ ಹೊಂದಿಸಿಕೊಳ್ಳುವಾಗ ಒಂದೆರಡು ನಿಮಿಷ ಕಪ್ಪಗೇ ಇರಬಹುದು, ತಾನೇ ಒಮ್ಮೆ ಆಫ್ ಆಗಿ ಆನ್ ಆಗಬಹುದು. ಅಷ್ಟರಲ್ಲಿ ಗಾಬರಿಯಾಗಿ ವೈರ್ ಎಳೆಯೋರೇ ಜಾಸ್ತಿ. ಆಮೇಲೆ `Press F1 to Run SETUP` ತರಹದ ಸಾಲು ಬಂತು, ತಾರೀಕು ಹಳೇ ವರ್ಷ ತೋರಿಸ್ತು ಅಂದರೆ ಕ್ಲಿಯರ್ ಆಗಿದೆ. ಟೈಮ್ ಸರಿಮಾಡಿ. ಮೊದಲು ಸಾಟಾ ಮೋಡ್ ರೇಡ್‌ನಲ್ಲಿ ಇತ್ತಾದರೆ ಅದನ್ನ ಮತ್ತೆ ರೇಡ್‌ಗೇ ಇಡಿ, ಇಲ್ಲದಿದ್ದರೆ ವಿಂಡೋಸ್ `INACCESSIBLE_BOOT_DEVICE` ಅಂತ ನೀಲಿ ಪರದೆ ತೋರಿಸುತ್ತೆ.

ಇದೆಲ್ಲ ಮಾಡಿಯೂ ಕಪ್ಪಗೇ ಇದ್ದು ನಮ್‌ಲಾಕ್ ಮಾತ್ರ ಕೆಲಸ ಮಾಡ್ತಿದ್ದರೆ, ನಿಮ್ಮ ಬೋರ್ಡ್‌ನ ಕಂಪನಿ ಸೆಟ್ಟಿಂಗ್‌ನಲ್ಲೇ ಸಿಎಸ್‌ಎಂ ಆಫ್ ಇರಬಹುದು. ಕೆಲವು ಹೊಸ ಬೋರ್ಡ್‌ಗಳು ಹಾಗೇ ಬರ್ತವೆ. ಆಗ ಎಷ್ಟು ಸಲ ಜಂಪರ್ ಹಾಕಿದ್ರೂ ಅಲ್ಲೇ ನಿಲ್ಲುತ್ತೆ. ಪರಿಚಯದ ಅಂಗಡಿಯಿಂದ ಸ್ವಲ್ಪ ಹೊಸ ಕಾರ್ಡ್ ಒಂದನ್ನ ಅರ್ಧ ಗಂಟೆ ಕಡ ತಂದು ಹಾಕಿ, ಸಿಎಸ್‌ಎಂ ಆನ್ ಮಾಡಿ ಸೇವ್ ಕೊಟ್ಟು, ನಿಮ್ಮ ಕಾರ್ಡ್ ವಾಪಸ್ ಹಾಕಿ.

ವಿಂಡೋಸ್ 11 ವಿಷಯ: ಸಿಸ್ಟಮ್ ಎದ್ದ ಮೇಲೆ `msinfo32` ತೆರೆದು `BIOS Mode` ನೋಡಿ. ಅಲ್ಲಿ `Legacy` ಅಂತಿದ್ದರೆ ಡಿಸ್ಕ್ ಇನ್ನೂ ಹಳೇ ಪದ್ಧತಿಯಲ್ಲಿದೆ. ಆಗ ಕಾರ್ಡ್ ಬದಲಾಯಿಸಿ ಚಿತ್ರ ಬಂದರೂ, ಸಿಎಸ್‌ಎಂ ಆಫ್ ಮಾಡಿದ ಕೂಡಲೇ ಈಗಿನ ವಿಂಡೋಸ್ ಬೂಟ್ ಆಗಲ್ಲ. ಬ್ಯಾಕಪ್ ತೆಗೆದುಕೊಂಡು ಡಿಸ್ಕನ್ನ `GPT` ಅನ್ನೋ ಹೊಸ ಪದ್ಧತಿಗೆ ಬದಲಾಯಿಸಿ, ಯುಇಎಫ್‌ಐ ಗೊತ್ತಿರೋ ಕಾರ್ಡ್ ಹಾಕಿದ ಮೇಲಷ್ಟೇ ಆ ಆಪ್ಷನ್ ಮುಟ್ಟಿ.