ಮೊದಲು ಬರೆಯಬೇಕಾದದ್ದು ಕೆಲಸಕ್ಕೆ ಸೇರಿದ ದಿನ

ಪ್ರಶ್ನೆ: ಶಿರಸಿಯಲ್ಲಿ ಅಪ್ಪ ಶುರು ಮಾಡಿದ ಕಿರಾಣಿ ಅಂಗಡಿ ನಮ್ಮದು. ಮೊದಲು ಮೂರು ಜನ ಕೆಲಸಕ್ಕಿದ್ದರು, ಈಗ 11 ಜನ. ಸಂಬಳ, ಮುಂಗಡ, ರಜೆ ಎಲ್ಲಾ ಬಾಯಿಮಾತಿನಲ್ಲೇ. ಹೋದ ತಿಂಗಳು ಒಬ್ಬ ಹುಡುಗನ ಮುಂಗಡದ ಬಾಕಿ 9,500 ಎಂದು ಅಪ್ಪ ಹೇಳಿದರೆ, ಅವನು 6,000 ಎಂದ. ಬರೆದಿಡೋಣ ಎಂದರೆ ಅಪ್ಪ ಒಪ್ಪುತ್ತಿಲ್ಲ. 22 ವರ್ಷದಿಂದ ಇರುವ ಅಣ್ಣನಿಗೆ ಬೇಜಾರಾಗುತ್ತದೆ ಎನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ಹುಡುಗನ ಮುಂಗಡದಿಂದ ಮಾತ್ರ ಶುರು ಮಾಡಬೇಡಿ. ಜಗಳ ಆದ ಮರುವಾರವೇ ಪುಸ್ತಕ ತಂದಿಟ್ಟರೆ, "ನಮ್ಮ ಮೇಲೆ ಅನುಮಾನ ಬಂತು" ಎಂದೇ ಎಲ್ಲರೂ ತಿಳಿಯುತ್ತಾರೆ. ಮೊದಲ ಕಾಗದದಲ್ಲಿ ಅಂಗಡಿ ಅವರಿಗೆ ಕೊಡಬೇಕಾದದ್ದು ಇರಲಿ. ಅದೂ ನಿಮ್ಮ ಹಳೆಯ ಅಣ್ಣನ ಹೆಸರಿನಲ್ಲೇ ಇರಲಿ.

ಇದಕ್ಕೆ ಕಾರಣ ಇದೆ. 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸಕ್ಕಿರುವ ಅಂಗಡಿಗೆ ಗ್ರಾಚ್ಯುಟಿ ನಿಯಮ ಅನ್ವಯಿಸುತ್ತದೆ. ಐದು ವರ್ಷ ದುಡಿದವರು ಕೆಲಸ ಬಿಡುವಾಗ, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ಲೆಕ್ಕಕ್ಕೆ ತಿಂಗಳೆಂದರೆ 26 ದಿನ. ಅಣ್ಣನ ಸಂಬಳ 18,200 ಎಂದುಕೊಳ್ಳಿ. ದಿನಕ್ಕೆ 700 ಆಯಿತು, 15 ದಿನಕ್ಕೆ 10,500. ಅದನ್ನು 22 ವರ್ಷಕ್ಕೆ ಗುಣಿಸಿದರೆ 2,31,000 ರೂಪಾಯಿ. ಅಪ್ಪನಿಗೆ ಈ ಅಂಕಿ ಗಾಬರಿ ಹುಟ್ಟಿಸಬಹುದು. ಆದರೆ ಬರೆಯದೆ ಬಿಟ್ಟರೆ ಈ ಹಣ ಕಡಿಮೆ ಆಗುವುದಿಲ್ಲ. ಮುಂದೆ ಜನ ಹತ್ತಕ್ಕಿಂತ ಕಡಿಮೆಯಾದರೂ ಈ ಹೊಣೆ ತಪ್ಪುವುದಿಲ್ಲ. ಒಂದು ಬ್ಯಾಂಕ್ ಖಾತೆ ತೆರೆದು ಈಗಿಂದಲೇ ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಎತ್ತಿಡಿ.

ಈ ಲೆಕ್ಕವೆಲ್ಲ ನಿಂತಿರುವುದು ಸೇರಿದ ದಿನದ ಮೇಲೆ. 22 ವರ್ಷ ಎನ್ನುವುದೂ ಅಂದಾಜೇ ಅಲ್ವಾ? ಅಪ್ಪನನ್ನೂ ಅಣ್ಣನನ್ನೂ ಒಟ್ಟಿಗೆ ಕೂರಿಸಿ ಕೇಳಿ. ನಮ್ಮ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ, "ಯಾವ ಜಾತ್ರೆಗಿಂತ ಮೊದಲು, ಯಾವ ಜಾತ್ರೆ ಮುಗಿದ ಮೇಲೆ" ಎಂದು ಹಿಡಿದರೆ ವರ್ಷ ಸಿಕ್ಕೇ ಸಿಗುತ್ತದೆ. ಒಂದೇ ಪುಟ ಸಾಕು. ಹೆಸರು, ಸೇರಿದ ದಿನ, ಮಾಡುವ ಕೆಲಸ, ಸಂಬಳ ಎಷ್ಟು, ಯಾವ ತಾರೀಕಿಗೆ, ವಾರದ ರಜೆ ಯಾವತ್ತು. ಎರಡು ಪ್ರತಿ ಮಾಡಿ, ಅಪ್ಪನೇ ಸಹಿ ಹಾಕಿ ಒಂದನ್ನು ಅಣ್ಣನ ಕೈಗೆ ಕೊಡಲಿ. ಹಿರಿಯನಿಗೇ ಮೊದಲು ಸಿಕ್ಕ ಕಾಗದವನ್ನು ಉಳಿದವರು ಅನುಮಾನದ ಕಾಗದ ಎನ್ನಲಾರರು.

ಹತ್ತು ದಾಟಿದ್ದರಿಂದ ಕೆಲಸಗಾರರ ಆರೋಗ್ಯ ವಿಮೆಯಾದ ಇಎಸ್‌ಐ ಕೂಡ ಬಂತು. ತಿಂಗಳಿಗೆ 21,000ದವರೆಗೆ ಸಂಬಳ ಇರುವವರ ಹೆಸರನ್ನು ನೋಂದಾಯಿಸಬೇಕು. 14,000 ಸಂಬಳಕ್ಕೆ ಅಂಗಡಿಯ ಪಾಲು 455, ಕೆಲಸಗಾರನ ಪಾಲು 105 ರೂಪಾಯಿ. ಇದನ್ನು ನಿಮ್ಮ ಲೆಕ್ಕ ನೋಡುವವರಿಗೆ ಈ ವಾರವೇ ಹೇಳಿ.

ಈಗ ಆ ಹುಡುಗನ ವಿಷಯ. ನನ್ನ ಅಭಿಪ್ರಾಯದಲ್ಲಿ 6,000 ಎಂದೇ ಒಪ್ಪಿಕೊಳ್ಳಿ. ಕಾಗದ ಇಡಬೇಕಿದ್ದದ್ದು ಅಂಗಡಿ, ಇಟ್ಟಿಲ್ಲ. ಆ 3,500ರ ಹೊರೆ ಅಂಗಡಿಯೇ ಹೊರುವುದು ನ್ಯಾಯ. ಉಳಿದವರ ಹಳೆಯ ಬಾಕಿಯನ್ನೂ ಒಬ್ಬೊಬ್ಬರನ್ನೇ ಕರೆದು ಹೀಗೇ ಇತ್ಯರ್ಥ ಮಾಡಿ. ಎಲ್ಲರೆದುರು ಬೇಡ. ಆಮೇಲೆ ಪ್ರತಿಯೊಬ್ಬರಿಗೂ ಒಂದು ಚಿಕ್ಕ ಪಾಸ್‌ಬುಕ್ ಕೊಡಿ, ಅದರ ಜೋಡಿ ಪುಟ ಅಂಗಡಿಯಲ್ಲಿರಲಿ. ತಾರೀಕು, ಕೊಟ್ಟದ್ದು, ಮುರಿದುಕೊಂಡದ್ದು, ಬಾಕಿ, ಇಬ್ಬರ ಸಹಿ. ಹಣ ಕೈಗೆ ಹೋಗುವ ಹೊತ್ತಿಗೇ ಬರೆಯಬೇಕು. "ರಾತ್ರಿ ಬರೆದರಾಯಿತು" ಎಂದ ಅಂಗಡಿಗಳಲ್ಲಿ ಚೌತಿಯ ರಶ್ಶಿನಲ್ಲೇ ಪುಸ್ತಕ ನಿಂತುಹೋದದ್ದನ್ನು ನೋಡಿದ್ದೇನೆ.

ಎಷ್ಟು ಮುರಿಯಬೇಕು ಎನ್ನುವುದನ್ನೂ ಕೊಡುವಾಗಲೇ ಬರೆಯಿರಿ. 6,000ಕ್ಕೆ ತಿಂಗಳಿಗೆ 1,500ರಂತೆ ನಾಲ್ಕು ಕಂತು. ಎಲ್ಲಾ ಕಡಿತ ಸೇರಿ ಸಂಬಳದ ಅರ್ಧ ದಾಟಬಾರದು, ಅದು ಕಾನೂನು. ಆದರೆ ಅರ್ಧದವರೆಗೆ ಮುರಿದರೆ ಆ ಹುಡುಗ ಮರುವಾರ ಮತ್ತೆ ಮುಂಗಡ ಕೇಳುತ್ತಾನೆ. ಒಬ್ಬರ ಪುಸ್ತಕದಲ್ಲಿ ಬಾಕಿ ಆರು ತಿಂಗಳಾದರೂ ಇಳಿಯದಿದ್ದರೆ ಕಂತು ದೊಡ್ಡದಾಯಿತು ಎಂದೇ ಅರ್ಥ. ಇಲ್ಲವೇ ಸಂಬಳ ಸಾಲುತ್ತಿಲ್ಲ.

ಅಪ್ಪ ಇಷ್ಟಕ್ಕೂ ಒಪ್ಪದಿದ್ದರೆ ಅಡಿಕೆ ಮಾರಿದ ದಿನವನ್ನು ನೆನಪಿಸಿ. ಎಷ್ಟೇ ಪರಿಚಯ ಇದ್ದರೂ ತೂಕದ ಪಟ್ಟಿ ಕೈಗೆ ಬರದೆ ಯಾರೂ ಮನೆಗೆ ಹೋಗುವುದಿಲ್ಲ. ಅದರಿಂದ ಯಾರಿಗೂ ಬೇಜಾರಾಗುವುದೂ ಇಲ್ಲ.

ರಜೆಯ ಲೆಕ್ಕವನ್ನು ಎರಡು ಮೂರು ತಿಂಗಳು ಬಿಟ್ಟು ಎತ್ತಿಕೊಳ್ಳಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ಎಲ್ಲರಿಗೂ ಕಾಣುವಂತೆ ಗುರುತು ಹಾಕಿದರೆ ಸದ್ಯಕ್ಕೆ ಸಾಕು. ಕೊನೆಕೊಯ್ಲಿನ ಹೊತ್ತಿಗೆ ಮನೆ ತೋಟಕ್ಕೆ ಹೋಗುವವರು ಯಾರು, ಯಾವ ವಾರ ಎನ್ನುವುದನ್ನು ಮಾತ್ರ ಅಕ್ಟೋಬರ್‌ನಲ್ಲೇ ಕೇಳಿ ಅದರಲ್ಲಿ ಬರೆಸಿಬಿಡಿ.